ಐಗನ್‌ವೆಕ್ಟರ್ ಹುಡುಕದೆ ಜೋಡಿ ಸಮೀಕರಣ ಬಿಡಿಸಿದ ಬಗೆ

ಜೋಡಿ ಡಿಫರೆನ್ಷಿಯಲ್ ಸಮೀಕರಣ ಸಿಕ್ಕಾಗ ಬಹಳ ದಿನ ನನ್ನ ಕೈ ತಾನಾಗಿ ಮ್ಯಾಟ್ರಿಕ್ಸ್ ಬರೆಯುತ್ತಿತ್ತು. ಐಗನ್‌ವ್ಯಾಲ್ಯೂ ತೆಗೆ, ಐಗನ್‌ವೆಕ್ಟರ್ ತೆಗೆ, c1, c2 ಹಾಕಿ ಉತ್ತರ ಬರೆ, ಕೊನೆಗೆ ಆರಂಭದ ಬೆಲೆಗಳನ್ನು ಹಾಕಿ c1, c2 ಬಿಡಿಸು. ಎರಡು ಬೇರೆ ಬೇರೆ ಐಗನ್‌ವ್ಯಾಲ್ಯೂ ಬಂದರೆ ಇದರಲ್ಲಿ ತೊಂದರೆಯೇನೂ ಇಲ್ಲ. ಒಂದೇ ಐಗನ್‌ವ್ಯಾಲ್ಯೂ ಎರಡು ಸಲ ಬಂದು, ಜೊತೆಗೆ ಹೊರಗಿನಿಂದ ಒಂದು ಇನ್‌ಪುಟ್ ಕೂಡ ಇದ್ದರೆ ಮಾತ್ರ ಕೆಲಸ ಎಳೆಯುತ್ತದೆ. ಅಂಥ ಲೆಕ್ಕಗಳನ್ನು ಈಗ ನಾನು ನೇರವಾಗಿ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್‌ನಲ್ಲೇ ಮಾಡುತ್ತೇನೆ. ಹೇಗೆ ಅಂತ ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ.

```
x' = -x +  y + 4
y' = -x - 3y
x(0) = 1,  y(0) = 0
```

ಮೊದಲು ಐಗನ್‌ವ್ಯಾಲ್ಯೂ ದಾರಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡೋಣ. ಇಲ್ಲಿ ಐಗನ್‌ವ್ಯಾಲ್ಯೂ −2, ಎರಡು ಸಲ. ಆದರೆ ಐಗನ್‌ವೆಕ್ಟರ್ ಸಿಗುವುದು ಒಂದೇ ದಿಕ್ಕಿನಲ್ಲಿ, (1, −1). ಎರಡನೆಯ ಉತ್ತರಕ್ಕಾಗಿ ಜನರಲೈಸ್ಡ್ ಐಗನ್‌ವೆಕ್ಟರ್ ಹುಡುಕಬೇಕು. ಆಮೇಲೆ ಆ 4ಕ್ಕಾಗಿ ಬೇರೆಯದೇ ಒಂದು ಉತ್ತರ ಕಂಡುಹಿಡಿದು ಸೇರಿಸಬೇಕು. ಅದಾದ ಮೇಲೆ c1, c2. ಒಂದೊಂದೂ ಕಷ್ಟದ ಕೆಲಸವಲ್ಲ, ಆದರೆ ಮೂರೂ ಬೇರೆ ಬೇರೆ ಕೆಲಸಗಳು.

ಲ್ಯಾಪ್ಲಾಸ್‌ನಲ್ಲಿ ಇವೆಲ್ಲ ಒಂದೇ ಲೆಕ್ಕದೊಳಗೆ ಬರುತ್ತವೆ. x' ಇದ್ದ ಕಡೆ sX − x(0) ಬರೆಯಬೇಕು. ಸ್ಥಿರ ಸಂಖ್ಯೆ 4 ಇದ್ದ ಕಡೆ 4/s. ಅಷ್ಟೇ.

```
sX - 1 = -X +  Y + 4/s
sY - 0 = -X - 3Y
```

X, Y ಇರುವುದನ್ನೆಲ್ಲ ಎಡಕ್ಕೆ ತಂದರೆ ಹೀಗಾಗುತ್ತದೆ:

```
(s+1)X -      Y = 1 + 4/s = (s+4)/s
     X + (s+3)Y = 0
```

ಈಗ ಇದರಲ್ಲಿ ಡಿಫರೆನ್ಷಿಯಲ್ ಅನ್ನುವುದೇ ಉಳಿದಿಲ್ಲ. ಹೈಸ್ಕೂಲಿನಲ್ಲಿ ಬಿಡಿಸುತ್ತಿದ್ದ ಎರಡು ಸಮೀಕರಣಗಳು, ಗುಣಕಗಳಲ್ಲಿ ಸಂಖ್ಯೆಯ ಜಾಗಕ್ಕೆ s ಬಂದಿದೆ. ನಾನು ಇಲ್ಲಿ ಕ್ರೇಮರ್ ನಿಯಮ ಬಳಸುತ್ತೇನೆ. ಒಂದರಿಂದ Y ತೆಗೆದು ಇನ್ನೊಂದರಲ್ಲಿ ಹಾಕಿದರೂ ಆಗುತ್ತದೆ, ಆದರೆ ಹಾಗೆ ಮಾಡುವಾಗ ಭಿನ್ನರಾಶಿಯೊಳಗೆ ಭಿನ್ನರಾಶಿ ಸೇರಿಕೊಂಡು ಗೋಜಲಾಗುತ್ತದೆ. ಡಿಟರ್ಮಿನೆಂಟ್ ಮೊದಲು:

```
D = (s+1)(s+3) + 1 = s^2 + 4s + 4 = (s+2)^2
```

ಇಲ್ಲಿ ಒಂದು ಮಾತು ಹೇಳಲೇಬೇಕು. ಈ D ಯಾವುದು ಅಂದುಕೊಂಡಿರಿ? ಐಗನ್‌ವ್ಯಾಲ್ಯೂ ಹುಡುಕುವಾಗ ಬರೆಯುವ ಬಹುಪದವೇ ಇದು, λ ಬದಲು s ಇದೆ. ಅಂದರೆ ಲ್ಯಾಪ್ಲಾಸ್ ಹಿಡಿದರೆ ಐಗನ್‌ವ್ಯಾಲ್ಯೂ ಬೇಡ ಅನ್ನುವುದು ಪೂರ್ತಿ ನಿಜವಲ್ಲ. ಮೂಲಗಳನ್ನು ಹುಡುಕುವ ಕೆಲಸ ಇದ್ದೇ ಇರುತ್ತದೆ. ತಪ್ಪಿಹೋಗುವುದು ಐಗನ್‌ವೆಕ್ಟರ್‌ಗಳ ಕೆಲಸ, c1, c2ರ ಕೆಲಸ, ಮತ್ತು ಇನ್‌ಪುಟ್‌ಗೆ ತಕ್ಕ ಉತ್ತರವನ್ನು ಊಹಿಸುವ ಕೆಲಸ.

```
X = (s+3)(s+4) / [ s (s+2)^2 ]
Y =     -(s+4) / [ s (s+2)^2 ]
```

ಉಳಿದಿರುವುದು ಪಾರ್ಷಿಯಲ್ ಫ್ರಾಕ್ಷನ್. ಸಮಯ ಜಾಸ್ತಿ ಹಿಡಿಯುವುದು ಇಲ್ಲೇ, ಹಾಗಾಗಿ ಚುರುಕಾದ ದಾರಿ ಗೊತ್ತಿರಬೇಕು. X ಅನ್ನು A/s + B/(s+2) + C/(s+2)² ಅಂತ ಒಡೆಯೋಣ. A ಬೇಕಿದ್ದರೆ ಛೇದದಲ್ಲಿನ s ಅನ್ನು ಬೆರಳಿನಿಂದ ಮುಚ್ಚಿ, ಉಳಿದದ್ದರಲ್ಲಿ s = 0 ಹಾಕಿ: 12/4 = 3. C ಬೇಕಿದ್ದರೆ (s+2)² ಮುಚ್ಚಿ, s = −2 ಹಾಕಿ: 1·2/(−2) = −1. ಹೀಗೆ ಮುಚ್ಚಿ ತೆಗೆಯುವುದು B ವಿಷಯದಲ್ಲಿ ನಡೆಯುವುದಿಲ್ಲ, ಏಕೆಂದರೆ s+2 ಒಂದನ್ನು ಮುಚ್ಚಿದರೂ ಕೆಳಗೆ ಇನ್ನೊಂದು ಉಳಿದು ಸೊನ್ನೆಯಾಗುತ್ತದೆ. ಡಿಫರೆನ್ಷಿಯೇಟ್ ಮಾಡಿ B ತೆಗೆಯುವ ಸೂತ್ರ ಇದೆ, ನಾನು ಅದನ್ನು ಬಳಸುವುದಿಲ್ಲ. s ತುಂಬಾ ದೊಡ್ಡದಾದಾಗ sX ಎಲ್ಲಿಗೆ ಹೋಗುತ್ತದೆ ನೋಡಿದರೆ ಸಾಕು. ಎಡಗಡೆ 1, ಬಲಗಡೆ A + B. ಹಾಗಾಗಿ B = 1 − 3 = −2. Y ಕೂಡ ಇದೇ ರೀತಿ: A = −1, C = 1, ಮತ್ತು A + B = 0 ಆಗಬೇಕಾದ್ದರಿಂದ B = 1.

1/(s+2) ಅಂದರೆ e^(−2t), 1/(s+2)² ಅಂದರೆ t e^(−2t). ಆದ್ದರಿಂದ:

```
x(t) =  3 - 2 e^(-2t) - t e^(-2t)
y(t) = -1 +   e^(-2t) + t e^(-2t)
```

ಆ t e^(−2t) ಎಲ್ಲಿಂದ ಬಂತು ಅಂತ ಕೇಳುವವರಿಗೆ ಇಲ್ಲಿ ಉತ್ತರ ಕಣ್ಣೆದುರಿಗೇ ಇದೆ. ಛೇದದಲ್ಲಿ ವರ್ಗ ಇತ್ತು, ಅದಕ್ಕೆ ಬಂತು. ಇನ್‌ಪುಟ್ 4 ಬದಲು e^(−2t) ಆಗಿದ್ದರೆ ಛೇದದಲ್ಲಿ (s+2)³ ಆಗುತ್ತಿತ್ತು, ಉತ್ತರದಲ್ಲಿ t² ತಾನಾಗಿ ಬರುತ್ತಿತ್ತು. ಊಹೆ ಮಾಡುವ ವಿಧಾನದಲ್ಲಾದರೆ t² ಹಾಕಬೇಕು ಅನ್ನುವುದು ನಮಗೇ ಹೊಳೆಯಬೇಕು.

ಉತ್ತರ ಬಂದ ಮೇಲೆ ನಾನು ಎರಡು ಕಡೆ ಮುಟ್ಟಿ ನೋಡುತ್ತೇನೆ. t = 0 ಹಾಕಿದರೆ x = 3 − 2 = 1, y = −1 + 1 = 0. ಸರಿ. ಆದರೆ B ತೆಗೆಯಲು ಇದೇ ಮಾಹಿತಿಯನ್ನು ಬಳಸಿಕೊಂಡಿದ್ದೇವೆ ಅಲ್ವಾ, ಹಾಗಾಗಿ ಇದರಿಂದ C ಸರಿಯಿದೆ ಅಂತ ಗೊತ್ತಾಗುವುದಿಲ್ಲ. t e^(−2t) ಕೂಡ ಸೊನ್ನೆಯಲ್ಲಿ ಸೊನ್ನೆಯೇ. C ಪರೀಕ್ಷೆಗೆ x'(0) ನೋಡಬೇಕು. ಸಮೀಕರಣದ ಪ್ರಕಾರ −1 + 0 + 4 = 3. ಉತ್ತರದಿಂದ −2B + C = 4 − 1 = 3. ಎರಡೂ ಒಂದೇ. ಇನ್ನು ಕೊನೆಯ ಸ್ಥಿತಿ: x' = y' = 0 ಹಾಕಿ ಮೂಲ ಸಮೀಕರಣ ಬಿಡಿಸಿದರೆ x = 3, y = −1, ಉತ್ತರವೂ ಅಲ್ಲಿಗೇ ಹೋಗುತ್ತದೆ. ಇದನ್ನೇ sXನಲ್ಲಿ s = 0 ಹಾಕಿಯೂ ನೋಡಬಹುದು, ಆದರೆ ಅದಕ್ಕೊಂದು ಷರತ್ತಿದೆ. D ಮೂಲಗಳೆಲ್ಲ ಸೊನ್ನೆಯ ಎಡಗಡೆ ಇರಬೇಕು. ಮೂಲ +2 ಆಗಿದ್ದರೂ s = 0 ಹಾಕಿದಾಗ ಒಂದು ಸಂಖ್ಯೆ ಬಂದೇ ಬರುತ್ತದೆ, ಆದರೆ ನಿಜವಾದ x ಅನಂತದ ಕಡೆ ಓಡುತ್ತಿರುತ್ತದೆ.

ಇನ್‌ಪುಟ್ ಮಧ್ಯದಲ್ಲಿ ನಿಂತುಹೋಗುವ ಲೆಕ್ಕದಲ್ಲಿ ಈ ವಿಧಾನ ನಿಜಕ್ಕೂ ಇಷ್ಟವಾಗುತ್ತದೆ. ಆ 4 ಅನ್ನು t = 1ರಲ್ಲಿ ಆಫ್ ಮಾಡಿದೆವು ಅಂದುಕೊಳ್ಳಿ. ಐಗನ್‌ವೆಕ್ಟರ್ ದಾರಿಯಲ್ಲಾದರೆ 1ರವರೆಗೆ ಒಂದು ಲೆಕ್ಕ, ಅಲ್ಲಿನ x, y ಬೆಲೆಗಳನ್ನು ಹಿಡಿದು ಮುಂದಕ್ಕೆ ಮತ್ತೊಂದು ಲೆಕ್ಕ. ಲ್ಯಾಪ್ಲಾಸ್‌ನಲ್ಲಿ 4/s ಬದಲು 4/s − (4/s)e^(−s) ಬರೆದರೆ ಆಯಿತು. e^(−s) ಇದ್ದ ಭಾಗದ ಉತ್ತರವನ್ನು 1ರಷ್ಟು ತಡವಾಗಿ ಶುರು ಮಾಡಬೇಕು.

ಹುಷಾರಾಗಿರಬೇಕಾದ್ದು ಇಲ್ಲಿ. ತಡವಾಗಿ ಶುರು ಮಾಡಿ ಕಳೆಯಬೇಕಾದ್ದು ಇನ್‌ಪುಟ್‌ನಿಂದ ಬಂದ ಭಾಗವನ್ನು ಮಾತ್ರ, ಮೇಲೆ ಬಂದ ಪೂರ್ತಿ x ಅನ್ನಲ್ಲ. ಹಾಗಾಗಿ X ಅನ್ನು ಎರಡು ಮಾಡಿಕೊಳ್ಳುತ್ತೇನೆ. ಆರಂಭದ 1ರಿಂದ ಬಂದದ್ದು (s+3)/(s+2)², ಅಂದರೆ e^(−2t) + t e^(−2t). ಇನ್‌ಪುಟ್‌ನಿಂದ ಬಂದದ್ದು:

```
Xf = 4(s+3) / [ s (s+2)^2 ]
xf(t) = 3 - 3 e^(-2t) - 2t e^(-2t)
```

ಎರಡನ್ನೂ ಕೂಡಿಸಿದರೆ ಮೊದಲಿನ x ಸಿಗುತ್ತದೆ, ನೋಡಿಕೊಳ್ಳಿ. ಈಗ t 1ಕ್ಕಿಂತ ಜಾಸ್ತಿ ಆದಾಗ:

```
x(t) - xf(t-1)
```

xf(0) = 0 ಆಗಿರುವುದರಿಂದ t = 1ರಲ್ಲಿ x ಹಾರುವುದಿಲ್ಲ. 2.594ರ ಹತ್ತಿರ ಮುಟ್ಟಿ, ಅಲ್ಲಿಂದ ದಿಕ್ಕು ಬದಲಿಸಿ ಇಳಿಯುತ್ತದೆ. ಇಳಿಜಾರು ಮಾತ್ರ ಅಲ್ಲಿ ಒಮ್ಮೆಲೇ 4ರಷ್ಟು ಕಡಿಮೆಯಾಗುತ್ತದೆ, ಅದು ಸರಿಯೇ, ಇನ್‌ಪುಟ್ ಹೋಗಿದ್ದೂ ಅಷ್ಟೇ. ಪೂರ್ತಿ x ಕಳೆದಿದ್ದರೆ ಗ್ರಾಫ್ t = 1ರಲ್ಲಿ ಒಮ್ಮೆಗೆ 1ರಷ್ಟು ಕೆಳಗೆ ಬೀಳುತ್ತಿತ್ತು. ಇಂಥ ಲೆಕ್ಕದಲ್ಲಿ x ಎಲ್ಲಾದರೂ ಹಾರಿದ್ದು ಕಂಡರೆ, ತಪ್ಪನ್ನು ಮೊದಲು ಹುಡುಕಬೇಕಾದ್ದು ಇಲ್ಲೇ.

ಒಂದು ವಿಷಯ ಸುಮ್ನೆ ಕುತೂಹಲಕ್ಕೆ. ಇನ್‌ಪುಟ್ ತೆಗೆದುಬಿಟ್ಟು, ಆರಂಭದಲ್ಲಿ x = 1, y = −1 ಇಟ್ಟು ನೋಡಿ. X ಅಂಶದಲ್ಲಿ (s+3) − 1 = s+2 ಬಂದು, ಛೇದದ ಒಂದು s+2 ಹೊಡೆದುಹೋಗುತ್ತದೆ. ಉಳಿಯುವುದು 1/(s+2) ಮಾತ್ರ. Yನಲ್ಲೂ ಹಾಗೇ, −1/(s+2). t e^(−2t) ಮಾಯ. (1, −1) ಅಂದರೆ ಮೊದಲೇ ನೋಡಿದ ಐಗನ್‌ವೆಕ್ಟರ್! ನಾವು ಹುಡುಕದೆ ಬಿಟ್ಟ ಐಗನ್‌ವೆಕ್ಟರ್ ಲ್ಯಾಪ್ಲಾಸ್‌ನಲ್ಲಿ ಹೀಗೆ, ಯಾವ ಆರಂಭದ ಬೆಲೆಗೆ ಛೇದದ ಒಂದು ತುಂಡು ಹೊಡೆದುಹೋಗುತ್ತದೆ ಅನ್ನುವ ರೂಪದಲ್ಲಿ ಅಡಗಿರುತ್ತದೆ. ಎಲ್ಲ ಆರಂಭದ ಬೆಲೆಗಳಿಗೂ ಚಲನೆಯ ಚಿತ್ರ ಒಟ್ಟಿಗೆ ಬೇಕು, ಯಾವ ದಿಕ್ಕಿನಿಂದ ಹೋಗಿ ನಿಲ್ಲುತ್ತದೆ ನೋಡಬೇಕು ಅಂದರೆ ನಾನು ಐಗನ್‌ವೆಕ್ಟರ್‌ಗೇ ಹೋಗುತ್ತೇನೆ. ಅದನ್ನು ಲ್ಯಾಪ್ಲಾಸ್‌ನಿಂದ ಹೆಕ್ಕುವುದು ಸುತ್ತುಬಳಸಿನ ದಾರಿ.

ಸಮೀಕರಣ ಮೂರಾದರೂ ಲ್ಯಾಪ್ಲಾಸ್ ನಡೆಯುತ್ತದೆ, ಆದರೆ ಕೈಯಲ್ಲಿ ಮಾಡುವ ಉತ್ಸಾಹ ಅಲ್ಲಿಗೇ ಮುಗಿಯುತ್ತದೆ. D ಘನ ಬಹುಪದ ಆಗುತ್ತದೆ, ಕ್ರೇಮರ್‌ಗೆ ಒಂದೊಂದಕ್ಕೂ 3×3 ಡಿಟರ್ಮಿನೆಂಟ್ ಬೇಕು, ಪಾರ್ಷಿಯಲ್ ಫ್ರಾಕ್ಷನ್ ಪುಟ ತುಂಬುತ್ತದೆ. ಅದಕ್ಕಿಂತ ದೊಡ್ಡದಾದರೆ ಕಂಪ್ಯೂಟರ್‌ಗೆ ಕೊಡುವುದು. ಕಂಪ್ಯೂಟರ್‌ನಲ್ಲಿ ಮಾಡುವಾಗಲೂ D ಬಿಡಿಸಿ ಬರೆದು ಅದರ ಮೂಲ ಹುಡುಕಲು ಹೋಗುವುದಿಲ್ಲ. ದೊಡ್ಡ ಬಹುಪದದಲ್ಲಿ ಗುಣಕ ಚೂರು ಬದಲಾದರೂ ಮೂಲಗಳು ಎಲ್ಲೆಲ್ಲಿಗೋ ಸರಿಯಬಹುದು. ಮ್ಯಾಟ್ರಿಕ್ಸ್ ಮೇಲೆಯೇ ನೇರವಾಗಿ ಐಗನ್‌ವ್ಯಾಲ್ಯೂ ತೆಗೆಯುವ ಕ್ಯೂಆರ್ ವಿಧಾನವೇ ಅಲ್ಲಿ ನಂಬಿಕೆಯದು.