ಏರು ಹತ್ತುವ ಗಾಡಿ: ತೂಕ ಹಾಕಿ ಆರಿಸಿ

ಅಂಗಡಿಗೆ ಗೂಡ್ಸ್ ಗಾಡಿ ಬೇಕು ಎಂದಾಗ ಎಲ್ಲರೂ ಮೊದಲು ಕೇಳುವುದು ಬೆಲೆ, ಆಮೇಲೆ ಮೈಲೇಜು. ಮಲೆನಾಡಿನಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ನಿಮ್ಮ ಸಾಮಾನು ನಿಜವಾಗಿ ಎಷ್ಟು ತೂಗುತ್ತದೆ?

ಎರಡು ವಾರ ಒಂದು ನೋಟ್‌ಬುಕ್ ಇಟ್ಟುಕೊಂಡು ದಿನದ ಲೋಡ್ ಬರೆಯಿರಿ. ಅಂದಾಜು ಬೇಡ, ಮೂಟೆ ಎಣಿಸಿ. ತೀರ್ಥಹಳ್ಳಿಯ ಒಂದು ದಿನಸಿ ಅಂಗಡಿ ವಾರಕ್ಕೆ ಎರಡು ಸಲ ಶಿವಮೊಗ್ಗದಿಂದ ಮಾಲು ತರುತ್ತದೆ ಎಂದುಕೊಳ್ಳಿ. 26 ಕೆಜಿಯ ಅಕ್ಕಿ ಚೀಲ 15 ಆದರೆ 390 ಕೆಜಿ. 50 ಕೆಜಿಯ ಸಕ್ಕರೆ ಮೂಟೆ ನಾಲ್ಕು, 200 ಕೆಜಿ. ರವೆ, ಮೈದಾ 100, ಎಣ್ಣೆ ಬಾಕ್ಸ್‌ಗಳು 100, ಉಪ್ಪು 50, ಸೋಪು ಬಿಸ್ಕತ್ತು ಸೇರಿ 60. ಒಟ್ಟು 900 ಕೆಜಿ. ಉಳಿದ ದಿನ ಹಳ್ಳಿಗಳಿಗೆ, ತೋಟದ ಮನೆಗಳಿಗೆ ಸಾಮಾನು ತಲುಪಿಸುವ ಕೆಲಸ, ಅದು 500 ಕೆಜಿ ದಾಟುವುದಿಲ್ಲ.

ಈಗ ಗಾಡಿಯ ಕಾಗದ ನೋಡಿ. ಅದರಲ್ಲಿ ಎರಡು ತೂಕ ಇರುತ್ತವೆ, ಲೋಡ್ ಸೇರಿದ ಒಟ್ಟು ತೂಕ ಮತ್ತು ಖಾಲಿ ತೂಕ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ. ಆ ಭಾರದಲ್ಲಿ ಡ್ರೈವರ್, ಜೊತೆಗೆ ಬರುವ ಹುಡುಗ, ಆಮೇಲೆ ನೀವು ಮಾಡಿಸುವ ಕಬ್ಬಿಣದ ಹುಡ್, ಟಾರ್ಪಾಲು ಎಲ್ಲವೂ ಸೇರುತ್ತವೆ. ಇದನ್ನೇ ಬಹಳ ಜನ ಮರೆಯುತ್ತಾರೆ. ಇಬ್ಬರಿಗೆ 130, ಹುಡ್‌ಗೆ 70 ಎಂದರೆ ನಮ್ಮ ಅಂಗಡಿಯ ಲೆಕ್ಕ 900ರಿಂದ 1,100ಕ್ಕೆ ಏರಿತು.

ಟಾಟಾ ಏಸ್, ಮಾರುತಿ ಸೂಪರ್ ಕ್ಯಾರಿಯಂಥ ಸಣ್ಣ ಗಾಡಿಗಳಲ್ಲಿ ಹೆಚ್ಚಿನವು ಹೊರುವುದು 750 ಕೆಜಿಯ ಆಸುಪಾಸು. ಸಿಎನ್‌ಜಿ ಗಾಡಿ ಇನ್ನೂ ಕಡಿಮೆ ಹೊರುತ್ತದೆ, ಸಿಲಿಂಡರ್ ತೂಕವೂ ಅದರ ಮೇಲೇ ಇರುತ್ತದಲ್ವಾ? ಈ ಗಾತ್ರದ ಗಾಡಿ ಕೊಂಡರೆ ಪ್ರತಿ ಸಲ ಶಿವಮೊಗ್ಗಕ್ಕೆ ಎರಡು ಟ್ರಿಪ್ ಹೊಡೆಯಬೇಕು. ಹೋಗಿ ಬರಲು ಸುಮಾರು 120 ಕಿಲೋಮೀಟರ್, ಜೊತೆಗೆ ಅರ್ಧ ದಿನ ಹಾಳು. ಒಂದು ಟನ್‌ನ ಗಾಡಿಯೂ 1,100ಕ್ಕೆ ಸಾಲುವುದಿಲ್ಲ. ಟಾಟಾ ಇಂಟ್ರಾ ವಿ30 ಹೊರುವುದು 1,300 ಕೆಜಿ. ಅಶೋಕ್ ಲೇಲ್ಯಾಂಡ್ ದೋಸ್ತ್, ಬೊಲೆರೊ ಪಿಕಪ್ ಕೂಡ ಹೆಚ್ಚುಕಡಿಮೆ ಈ ಸಾಲಿನವೇ. ಈ ಅಂಗಡಿಗೆ ನಾನು ಹೇಳುವುದು ಈ ಗಾತ್ರವನ್ನೇ. ಹಬ್ಬದ ವಾರ ಬರುವ ಎರಡು ಟನ್ ಮಾಲಿಗೆಂದು ಇನ್ನೂ ದೊಡ್ಡದನ್ನು ಕೊಳ್ಳಬೇಡಿ. ಆ ದಿನಕ್ಕೆ ಬಾಡಿಗೆ ಗಾಡಿ ಸಾಕು.

ಆದರೆ ಗಾಡಿ ದೊಡ್ಡದಾದಷ್ಟೂ ತಿರುಗಲು ಜಾಗ ಜಾಸ್ತಿ ಬೇಕು. ಅಡ್ವಾನ್ಸ್ ಕೊಡುವ ಮೊದಲು ಟೇಪು ಹಿಡಿದು ನೀವು ಹೋಗುವ ಅತಿ ಇಕ್ಕಟ್ಟಾದ ದಾರಿಗೆ ಹೋಗಿ. ದಣಪೆ ಎಷ್ಟು ಅಗಲ ಇದೆ, ಅಂಗಳದಲ್ಲಿ ಗಾಡಿ ತಿರುಗುತ್ತದೆಯೇ, ಇಲ್ಲವೇ ದರೆಯ ಪಕ್ಕ ರಿವರ್ಸ್ ಬರಬೇಕೇ, ನೋಡಿಕೊಳ್ಳಿ.

ಆಮೇಲೆ ಟೆಸ್ಟ್ ಡ್ರೈವ್. ಖಾಲಿ ಗಾಡಿಯನ್ನು ಶಿವಮೊಗ್ಗದ ಸಪಾಟು ರಸ್ತೆಯಲ್ಲಿ ಸುಮ್ನೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮದೇ ಮೂಟೆ ಹೇರಿಸಿ, ಏರಿಗೆ ಕರೆದುಕೊಂಡು ಹೋಗಿ. ಏರಿನ ನಡುವೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ ಕಾಲು ತೆಗೆಯಿರಿ. ಗಾಡಿ ಕದಲಬಾರದು. ಆಮೇಲೆ ಫಸ್ಟ್ ಗೇರಿನಲ್ಲಿ ಎತ್ತಿ. ಕ್ಲಚ್ ತುಂಬಾ ಹೊತ್ತು ಅರ್ಧಕ್ಕೆ ಹಿಡಿಯಬೇಕಾದರೆ, ಸುಟ್ಟ ವಾಸನೆ ಬಂದರೆ, ಆ ಎಂಜಿನ್ ನಿಮ್ಮ ಭಾರಕ್ಕೆ ಸಾಲದು ಎಂದೇ ಅರ್ಥ. ದಿನಾ ಹೀಗೆ ಎಳೆದರೆ ಕ್ಲಚ್ ಪ್ಲೇಟ್ ಬೇಗ ಸವೆದುಹೋಗುತ್ತದೆ. ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ, ಎಂಜಿನ್ ಎಷ್ಟು ಹಿಡಿದುಕೊಳ್ಳುತ್ತದೆ ಎಂದು ಗಮನಿಸಿ. ಅದು ಹಿಡಿಯದಿದ್ದರೆ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದರೆ ಹಿಡಿತ ತಪ್ಪುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಮಳೆಗಾಲದ್ದು ಇನ್ನೊಂದು ಪಾಡು. ಈ ಗಾಡಿಗಳಲ್ಲಿ ತಿರುಗಿಸುವ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಖಾಲಿಯಾಗಿ ಬರುವಾಗ ಹಿಂದೆ ಭಾರ ಇಲ್ಲದೆ, ಕೆಸರಿನ ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತದೆ. ಎರಡು ಮರಳಿನ ಚೀಲವನ್ನು ಹಿಂದಿನ ಆಕ್ಸಲ್ ಮೇಲೆ ಬರುವಂತೆ, ಅಲ್ಲಾಡದ ಹಾಗೆ ಕಟ್ಟಿಟ್ಟುಕೊಂಡರೆ ಹಿಡಿತ ಬರುತ್ತದೆ. ಲೋಡ್ ಲೆಕ್ಕದಲ್ಲಿ ಅದನ್ನೂ ಸೇರಿಸಿ. ಟೈರ್ ಗೀರು ಸವೆದಿದ್ದರೆ ಜೂನ್‌ಗೆ ಮೊದಲೇ ಬದಲಿಸಿ.

ಕಾಗದಪತ್ರದ ವಿಷಯ ಸರಳ. ಒಟ್ಟು ತೂಕ 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರ್ಮಿಟ್ ಬೇಡ. ಹಳದಿ ಬೋರ್ಡ್, ಇನ್ಶೂರೆನ್ಸ್, ಎಫ್‌ಸಿ ಮಾತ್ರ ಬೇಕೇ ಬೇಕು. ಪಿಕಪ್‌ಗಳಲ್ಲಿ ಕೆಲವು ಮಾದರಿಗಳು ಈ 3,000ದ ಗೆರೆ ದಾಟುತ್ತವೆ. ಹಾಗಾಗಿ ಬುಕ್ ಮಾಡುವ ಮುನ್ನ ಕಾಗದದಲ್ಲಿ ಆ ಒಟ್ಟು ತೂಕವನ್ನು ಇನ್ನೊಮ್ಮೆ ಓದಿ.