ಚೆಕ್ಸ್ ಶರ್ಟನ್ನು ಪಟ್ಟೆ ಶರ್ಟ್ ಮಾಡಬೇಕಾ? ಹಳೆ ಗೆರೆಗಳನ್ನು ಈಗಲೇ ಅಳಿಸಬೇಡಿ

ಫೋಟೊದಲ್ಲಿರುವ ಚೆಕ್ಸ್ ಶರ್ಟಿನ ಮೇಲೆ ನೇರ ಪಟ್ಟೆಗಳನ್ನು ಸುಮ್ನೆ ಹೊದಿಸಿದರೆ ಎದೆಗೆ ರಟ್ಟು ಅಂಟಿಸಿದ ಹಾಗೆ ಕಾಣುತ್ತದೆ. ಹೆಚ್ಚಿನವರು ಮೊದಲು ಹಳೆ ಚೆಕ್ಸ್ ಅಳಿಸಲು ಹೊರಡುತ್ತಾರೆ. ಬೇಡ. ಬಟ್ಟೆ ಮೈಮೇಲೆ ಎಲ್ಲಿ ಬಾಗಿದೆ ಎಂದು ತೋರಿಸುವ ನಕ್ಷೆ ಆ ಗೆರೆಗಳೇ ಅಲ್ವಾ?

ಬಿಳಿ ಶರ್ಟಿನ ಮೇಲೆ ತೆಳು ನೀಲಿ ಚೆಕ್ಸ್ ಇದೆ, ಅದಕ್ಕೆ ಕೆಂಪು ಉದ್ದ ಪಟ್ಟೆ ಬೇಕು ಅಂದುಕೊಳ್ಳಿ. ಫೋಟೊಶಾಪ್‌ನಲ್ಲಿ ಎದೆಯ ಎರಡು ಭಾಗ, ತೋಳು, ಕಾಲರ್, ಜೇಬು ಎಲ್ಲಕ್ಕೂ ಬೇರೆ ಬೇರೆ ಪಟ್ಟೆ ಲೇಯರ್ ಮಾಡಿ. ಹೊಲಿಗೆ ಬಂದಲ್ಲಿ ಪಟ್ಟೆಯ ದಿಕ್ಕು ಬದಲಾಗಲೇಬೇಕು. ಲೇಯರಿಗೆ Multiply ಕೊಟ್ಟು, Edit > Transform > Warp ತೆರೆದು, ಪ್ರತಿ ಪಟ್ಟೆಯೂ ಕೆಳಗಿನ ಉದ್ದ ಗೆರೆಯ ಜೊತೆಗೇ ಸಾಗುವ ಹಾಗೆ ಎಳೆಯಿರಿ. ಪಕ್ಕೆಯ ಕಡೆ ಮೈ ತಿರುಗುವುದರಿಂದ ಗೆರೆಗಳು ಒತ್ತೊತ್ತಾಗುತ್ತವೆ, ಪಟ್ಟೆಯೂ ಅಷ್ಟೇ ಒತ್ತಾಗಬೇಕು. ಜಾಸ್ತಿ ಸಮಯ ಕೊಡಬೇಕಾದ್ದು ಇಲ್ಲೇ.

ಈಗ ಚೆಕ್ಸ್ ತೆಗೆಯಬಹುದು. Channels ಪಟ್ಟಿಯಲ್ಲಿ Blue ಒಂದನ್ನೇ ನೋಡಿ: ನೀಲಿ ಗೆರೆ ಅಲ್ಲಿ ಬಹುತೇಕ ಬಿಳಿಯಾಗಿ ಕರಗಿಹೋಗಿರುತ್ತದೆ, ಮಡಿಕೆಯ ನೆರಳು ಮಾತ್ರ ಉಳಿದಿರುತ್ತದೆ. ಅದನ್ನು ಹೊಸ ಫೈಲಿಗೆ ನಕಲು ಮಾಡಿ Grayscale ಮಾಡಿಕೊಳ್ಳಿ. ಉಳಿದ ಕಲೆಗೆ Median ಫಿಲ್ಟರ್ ಹಾಕಿ. ಗೆರೆಯ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ ಅಳತೆ ಸಾಕು. ಈ ನಕಲನ್ನು ಮೂಲ ಫೋಟೊಗೆ ತಂದು, ಪಟ್ಟೆಗಳ ಕೆಳಗೆ ಶರ್ಟಿನ ಆಕಾರಕ್ಕೆ ಮಾಸ್ಕ್ ಮಾಡಿದರೆ ಪಟ್ಟೆಗೆ ಬೇಕಾದ ಬಿಳಿ ಬಟ್ಟೆ ಸಿದ್ಧ.

ಅದೇ ನಕಲು ಸಣ್ಣ ಸುಕ್ಕುಗಳಿಗೂ ಬೇಕು. ಫೈಲಿನಲ್ಲಿ ಸ್ವಲ್ಪ Gaussian Blur ಕೊಟ್ಟು `.psd` ಆಗಿ ಉಳಿಸಿ. ಆದರೆ ಒಂದು ವಿಷಯ: ಈ ಫೈಲನ್ನು ನೋಡಿ ಪಟ್ಟೆಗಳನ್ನು ಸರಿಸುವ Displace ಫಿಲ್ಟರ್, ಫೈಲಿನಲ್ಲಿ 128ರ ಬೂದು ಬಣ್ಣ ಇರುವ ಕಡೆ ಮಾತ್ರ ಪಟ್ಟೆಯನ್ನು ಅಲುಗಿಸದೆ ಬಿಡುತ್ತದೆ, ಅದಕ್ಕಿಂತ ಕಪ್ಪಾದ ಕಡೆ ಪಟ್ಟೆ ಒಂದು ದಿಕ್ಕಿಗೆ, ಬೆಳ್ಳಗಿನ ಕಡೆ ಇನ್ನೊಂದು ದಿಕ್ಕಿಗೆ ಸರಿಯುತ್ತದೆ. ಬಿಳಿ ಶರ್ಟ್ ಪೂರ್ತಿ ಬೆಳ್ಳಗಿರುವುದರಿಂದ ಪಟ್ಟೆಗಳೆಲ್ಲ ಒಟ್ಟಿಗೆ ಪಕ್ಕಕ್ಕೆ ಜಾರಿಬಿಡುತ್ತವೆ. ಹಾಗಾಗಿ ಉಳಿಸುವ ಮೊದಲು Levels ಬಳಸಿ, ಸುಕ್ಕಿಲ್ಲದ ಜಾಗ ಸುಮಾರು 128ಕ್ಕೆ ಬರುವಂತೆ ಮಾಡಿ. ಆಮೇಲೆ ಪಟ್ಟೆ ಲೇಯರಿನ ಒಂದು ನಕಲು ಇಟ್ಟುಕೊಂಡು Filter > Distort > Displace ಒತ್ತಿ, ಎರಡೂ ಅಳತೆಗೆ 5 ಕೊಟ್ಟು ಆ ಫೈಲನ್ನು ಆರಿಸಿ. ಪಟ್ಟೆಯ ಅಂಚು ಗರಗಸದ ಹಲ್ಲಿನಂತೆ ಆದರೆ ಫೈಲಿಗೆ ಬ್ಲರ್ ಸಾಲದು. ಮಡಿಕೆಯೇ ಇಲ್ಲದ ಕಡೆ ಸಮ ಅಂತರದಲ್ಲಿ ಪಟ್ಟೆ ನಡುಗಿದರೆ ಹಳೆ ಚೆಕ್ಸ್ ಪೂರ್ತಿ ಹೋಗಿಲ್ಲ.

ಮೊಣಕೈ ಒಳಗಿನಂಥ ಆಳದ ಮಡಿಕೆಗೆ ಇದು ಸಾಲುವುದಿಲ್ಲ. ಅಲ್ಲಿ ಬಟ್ಟೆ ಒಳಗೆ ಹೋಗಿ ಮರೆಯಾಗುತ್ತದೆ, ಪಟ್ಟೆ ಬಾಗುವುದಲ್ಲ, ತುಂಡಾಗಬೇಕು. ಮಡಿಕೆಯ ಒಂದು ಬದಿಯ ಪಟ್ಟೆಯನ್ನು ಕತ್ತರಿಸಿ ಬೇರೆ ಲೇಯರಿಗೆ ಹಾಕಿ, ಮೂಲ ಫೋಟೊದಲ್ಲಿ ಚೆಕ್ಸ್ ಎಷ್ಟು ತಪ್ಪಿದೆಯೋ ನೋಡಿ, ಅಷ್ಟೇ ಪಕ್ಕಕ್ಕೆ ಸರಿಸಿ.