√2 ಸಾಧನೆ: ‘ಸಾಮಾನ್ಯ ಅಪವರ್ತನವಿಲ್ಲ’ ಎಂಬ ಮಾತು ಎಲ್ಲಿಂದ ಬಂತು? ಪರೀಕ್ಷಿಸುವುದು ಹೀಗೆ

√2 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸುವ ಪ್ರಶ್ನೆಗೆ ಹತ್ತನೇ ತರಗತಿಯ ಮಕ್ಕಳು ಬರೆಯುವ ಉತ್ತರಗಳನ್ನು ನೋಡಿದರೆ, ಬೀಜಗಣಿತದಲ್ಲಿ ಎಡವುವವರು ಕಡಿಮೆ. ವರ್ಗ ಮಾಡುತ್ತಾರೆ, p ಸಮ ಎನ್ನುತ್ತಾರೆ, q ಸಮ ಎನ್ನುತ್ತಾರೆ, ‘ಇದು ವೈರುಧ್ಯ’ ಎಂದು ಬರೆದು ಮುಗಿಸುತ್ತಾರೆ. ಯಾವುದಕ್ಕೆ ವೈರುಧ್ಯ ಎಂದು ಕೇಳಿದಾಗಲೇ ತೊಡಕು ಶುರುವಾಗುವುದು. ನಿಮ್ಮ ಮುಂದಿರುವ ಸಾಧನೆ ಗಟ್ಟಿಯೋ ಅಲ್ಲವೋ ಎಂದು ನೋಡಲು ಒಂದು ಪೆನ್ಸಿಲ್ ಸಾಕು.

ಹೆಜ್ಜೆ 1: ಸಾಲುಗಳಿಗೆ ಸಂಖ್ಯೆ ಹಾಕಿ

ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ.

(1) √2 ಭಾಗಲಬ್ಧ ಎಂದುಕೊಳ್ಳೋಣ. √2 = p/q; p, q ಪೂರ್ಣಾಂಕಗಳು, q ≠ 0.
(2) ವರ್ಗ ಮಾಡಿದರೆ p² = 2q².
(3) p² ಸಮ, ಆದ್ದರಿಂದ p ಸಮ. p = 2k.
(4) 4k² = 2q², ಅಂದರೆ q² = 2k².
(5) q² ಸಮ, ಆದ್ದರಿಂದ q ಸಮ.
(6) p, q ಎರಡಕ್ಕೂ 2 ಸಾಮಾನ್ಯ ಅಪವರ್ತನ. ಇದು ವೈರುಧ್ಯ. ಆದ್ದರಿಂದ √2 ಅಭಾಗಲಬ್ಧ.

ಹೆಜ್ಜೆ 2: ಕೊನೆಯಿಂದ ಹಿಂದಕ್ಕೆ ಓದಿ

(6)ನೇ ಸಾಲಿನ ‘ವೈರುಧ್ಯ’ಕ್ಕೆ ಗೆರೆ ಎಳೆದು, ಅದು ಯಾವ ಸಾಲಿಗೆ ವಿರುದ್ಧವಾಗಿದೆಯೋ ಆ ಸಾಲಿಗೆ ಬಾಣ ಹಾಕಿ. ಮೇಲಿನ ಉತ್ತರದಲ್ಲಿ ಬಾಣ ಹಾಕಲು ಜಾಗವೇ ಇಲ್ಲ. p, q ಎರಡೂ ಸಮವಾಗಿರಬಾರದು ಎಂದು (1)ನೇ ಸಾಲು ಎಲ್ಲೂ ಹೇಳಿಲ್ಲ. 6/4ರಲ್ಲಿ ಅಂಶ, ಛೇದ ಎರಡೂ ಸಮವೇ. ಅದು ಭಾಗಲಬ್ಧ ಸಂಖ್ಯೆಯೂ ಹೌದು. ಬರೆದವರ ಮನಸ್ಸಿನಲ್ಲಿ ‘ಸರಳ ರೂಪ’ ಎಂಬುದಿತ್ತು, ಕಾಗದದ ಮೇಲೆ ಬರಲಿಲ್ಲ.

ಹೆಜ್ಜೆ 3: ಅದು ಊಹೆಯೋ, ಆಯ್ಕೆಯೋ?

ಇಲ್ಲಿ ನಿಧಾನಿಸಿ. ಕೊರತೆ ಕಂಡವರು ಹೆಚ್ಚಾಗಿ (1)ನೇ ಸಾಲಿಗೇ ಒಂದು ಪದ ತುರುಕುತ್ತಾರೆ: ‘√2 = p/q ಎಂದೂ, p, q ಸಹ ಅವಿಭಾಜ್ಯ ಎಂದೂ ಊಹಿಸೋಣ.’ ಸಹ ಅವಿಭಾಜ್ಯ ಎಂದರೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಜೋಡಿ. ಬಹಳಷ್ಟು ಗೈಡುಗಳಲ್ಲಿ ಇರುವುದೂ ಇಷ್ಟೇ. ಬಾಣಕ್ಕೇನೋ ಜಾಗ ಸಿಕ್ಕಿತು. ಆದರೆ ಈಗ ಇರುವುದು ಎರಡು ಊಹೆ. ವೈರುಧ್ಯ ಬಂದರೆ ಎರಡರಲ್ಲಿ ಒಂದಾದರೂ ಸುಳ್ಳು ಎಂದಷ್ಟೇ ಗೊತ್ತಾಗುತ್ತದೆ. ಸುಳ್ಳಾದದ್ದು ಮೊದಲನೆಯದೇ ಎಂದು ಹೇಳಲು ಆಧಾರವೇನು?

ಇದು ಕೂದಲು ಸೀಳುವ ತಕರಾರು ಅನ್ನಿಸಿದರೆ, ಇದೇ ಅಚ್ಚಿನಲ್ಲಿ 1.5 ಕೂಡ ಅಭಾಗಲಬ್ಧ ಎಂದು ‘ಸಾಧಿಸಿ’ ನೋಡಿ. 1.5 = p/q ಎಂದೂ, q ಬೆಸ ಸಂಖ್ಯೆ ಎಂದೂ ಊಹಿಸೋಣ. ಆಗ 2p = 3q. ಎಡಭಾಗ ಸಮ, ಆದ್ದರಿಂದ 3q ಸಮ. 3 ಬೆಸವಾದ್ದರಿಂದ q ಸಮವಾಗಲೇಬೇಕು. ಆದರೆ q ಬೆಸ ಎಂದಿದ್ದೆವು. ವೈರುಧ್ಯ; ಆದ್ದರಿಂದ 1.5 ಅಭಾಗಲಬ್ಧ!

ಇದರಲ್ಲಿ ಲೆಕ್ಕದ ತಪ್ಪು ಒಂದೂ ಇಲ್ಲ. ತಪ್ಪಿರುವುದು ‘q ಬೆಸ’ ಎಂಬ ಷರತ್ತಿನಲ್ಲಿ. 3/2, 6/4, 9/6 ಹೀಗೆ 1.5ನ್ನು ಹೇಗೆ ಬರೆದರೂ ಛೇದ ಬೆಸವಾಗುವುದಿಲ್ಲ. ಈಡೇರಿಸಲಾಗದ ಷರತ್ತನ್ನು ಹಾಕಿ, ಅದು ಮುರಿದಾಗ ಹೊಣೆಯನ್ನು 1.5ರ ಮೇಲೆ ಹೊರಿಸಿದೆವು. ‘ಸಹ ಅವಿಭಾಜ್ಯ’ ಎಂಬ ಷರತ್ತು ಈ ಜಾತಿಯದ್ದಲ್ಲ, ಯಾವ ಭಿನ್ನರಾಶಿಗಾದರೂ ಅದನ್ನು ಈಡೇರಿಸಬಹುದು ಎಂದು ತೋರಿಸಬೇಕಾದವರು ಸಾಧನೆ ಬರೆಯುವವರೇ. ತೋರಿಸಿದರೆ ಅದು ಎರಡನೇ ಊಹೆಯಾಗಿ ಉಳಿಯುವುದಿಲ್ಲ. ಇರುವ ಭಿನ್ನರಾಶಿಗಳ ನಡುವೆ ಮಾಡಿಕೊಂಡ ಆಯ್ಕೆಯಾಗುತ್ತದೆ.

ತೋರಿಸಲು ಎರಡು ವಾಕ್ಯ ಸಾಕು: ‘√2 = r/s ಆಗಿರಲಿ. r, sಗಳ ಮಹತ್ತಮ ಸಾಮಾನ್ಯ ಅಪವರ್ತನದಿಂದ ಎರಡನ್ನೂ ಭಾಗಿಸಿದರೆ ಬೆಲೆ ಬದಲಾಗದೆ √2 = p/q ಎಂದಾಗುತ್ತದೆ; ಈ p, q ಸಹ ಅವಿಭಾಜ್ಯಗಳು.’ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕ ಮಾಡುವುದು ಹೀಗೆಯೇ. ಅಲ್ಲಿ ಮೊದಲು r, s. ಸಾಮಾನ್ಯ ಅಪವರ್ತನದಿಂದ ಭಾಗಿಸಿದ ಮೇಲೆ a, b. ಗೈಡುಗಳು ಸಾಲು ಉಳಿಸಲು ಹೋಗಿ ತೆಗೆದುಹಾಕುವುದು ಇದೇ ಭಾಗವನ್ನು. ಅಕ್ಷರ ಬದಲಿಸುವುದನ್ನು ಖಂಡಿತ ಬಿಡಬೇಡಿ. ಮೊದಲಿಂದ ಕೊನೆಯವರೆಗೂ p, q ಎಂದೇ ಬರೆದರೆ ಸರಳ ರೂಪಕ್ಕೆ ಎಲ್ಲಿ ಬಂದಿರಿ ಎಂಬುದು ಬರೆದವರಿಗೂ ಮರೆತುಹೋಗುತ್ತದೆ.

ಹೆಜ್ಜೆ 4: ಎಷ್ಟು ಬೇಕೋ ಅಷ್ಟೇ ಕೇಳಿ

ಈಗ ಬಾಣವನ್ನು ಇನ್ನೊಮ್ಮೆ ನೋಡಿ. (6)ನೇ ಸಾಲು ಮುರಿದದ್ದು ‘ಎರಡೂ ಸಮವಲ್ಲ’ ಎಂಬುದನ್ನು ಮಾತ್ರ. p, qಗಳಿಗೆ 3 ಅಥವಾ 7 ಸಾಮಾನ್ಯವಾಗಿದ್ದರೂ ಈ ಸಾಧನೆಗೆ ಬಾಧಕವಿಲ್ಲ. ಹಾಗಾಗಿ ‘ಸಹ ಅವಿಭಾಜ್ಯ’ ಎಂಬ ದೊಡ್ಡ ಮಾತಿನ ಬದಲು ‘p, q ಎರಡೂ ಸಮವಾಗಿರದಂತೆ ಆರಿಸಿಕೊಂಡಿದ್ದೇವೆ’ ಎಂದು ಬರೆಯುವುದೇ ಮೇಲು.

ಇದನ್ನು ಸಮರ್ಥಿಸುವುದೂ ಹಗುರ. 96/72 ತೆಗೆದುಕೊಳ್ಳಿ. ಅಂಶ, ಛೇದ ಎರಡನ್ನೂ ಅರ್ಧ ಮಾಡಿದರೆ 48/36, ಮತ್ತೆ 24/18, ಮತ್ತೆ 12/9. 9 ಬೆಸ, ಅಲ್ಲಿಗೆ ನಿಲ್ಲಿಸಿ. 12ಕ್ಕೂ 9ಕ್ಕೂ 3 ಸಾಮಾನ್ಯ, ಇದು ಪೂರ್ತಿ ಸರಳ ರೂಪವಲ್ಲ; ಆದರೂ ನಮಗೆ ಇಷ್ಟೇ ಸಾಕು. ಅರ್ಧ ಮಾಡುವ ಕೆಲಸ ಎಂದಾದರೂ ನಿಲ್ಲುತ್ತದೆಯೇ? ಪ್ರತಿ ಸಲವೂ ಛೇದ ಚಿಕ್ಕದಾಗುತ್ತದೆ, ಆದರೆ ಧನ ಪೂರ್ಣಾಂಕವಾಗಿಯೇ ಉಳಿಯುತ್ತದೆ. ಛೇದ 1000 ಇದ್ದರೆ ಅದನ್ನು ಹತ್ತು ಸಲ ಅರ್ಧ ಮಾಡಲು ಸಾಧ್ಯವೇ ಇಲ್ಲ, ಏಕೆಂದರೆ 2ನ್ನು ಹತ್ತು ಸಲ ಗುಣಿಸಿದರೆ 1024. ‘ಸರಳ ರೂಪ ಇದ್ದೇ ಇರುತ್ತದೆ’ ಎಂಬ ನಂಬಿಕೆಯ ಬುಡದಲ್ಲಿರುವುದು ಇದೇ: ಧನ ಪೂರ್ಣಾಂಕಗಳು ಕೊನೆಯಿಲ್ಲದೆ ಇಳಿಯುತ್ತಾ ಹೋಗಲಾರವು.

ಕೆಲವರು ಸರಳ ರೂಪದ ಸುದ್ದಿಗೇ ಹೋಗದೆ, (6)ನೇ ಸಾಲಿನಲ್ಲಿ ‘2ರಿಂದ ಭಾಗಿಸಿದರೆ ಮತ್ತೆ ಅಂಥದೇ ಭಿನ್ನರಾಶಿ, ಹೀಗೇ ಮುಂದುವರಿಯುತ್ತದೆ’ ಎಂದು ಬರೆದು ಬಿಡುತ್ತಾರೆ. ದಾರಿ ಸರಿಯಿದೆ, ಅರ್ಧಕ್ಕೆ ನಿಂತಿದೆ. ‘ಧನ ಪೂರ್ಣಾಂಕ qವನ್ನು ಹೀಗೆ ಕೊನೆಯಿಲ್ಲದೆ ಅರ್ಧ ಮಾಡಲಾಗದು’ ಎಂಬ ಸಾಲು ಸೇರಿಸಿದರೆ ಸಾಧನೆ ಪೂರ್ಣ. ಆ ಸಾಲಿಲ್ಲದಿದ್ದರೆ ನಾನು ಪೂರ್ತಿ ಅಂಕ ಕೊಡುವುದಿಲ್ಲ.

ಹೆಜ್ಜೆ 5: 2ರ ಜಾಗದಲ್ಲಿ 4 ಇಟ್ಟು ನೋಡಿ

√4 ಎಂದರೆ 2, ಅದು ಭಾಗಲಬ್ಧ. ಆದ್ದರಿಂದ ಇದೇ ಸಾಧನೆಯನ್ನು √4ಕ್ಕೆ ಹಾಕಿದರೆ ಎಲ್ಲೋ ಒಂದು ಕಡೆ ಸಿಕ್ಕಿಬೀಳಲೇಬೇಕು. p, q ಎರಡೂ ಸಮವಲ್ಲ ಎಂದು ಆರಿಸಿಕೊಳ್ಳಿ. p² = 4q², p ಸಮ, p = 2k. ಆಗ 4k² = 4q², ಅಂದರೆ k² = q². q ಸಮ ಎಂದು ಹೇಳಲು ಇಲ್ಲಿ ಏನೂ ಇಲ್ಲ. ಸಾಧನೆ (4)ನೇ ಸಾಲಿನಲ್ಲೇ ನಿಂತಿತು. ನಿಲ್ಲಬೇಕಾದದ್ದೂ ಅಲ್ಲೇ. ಬದಲಿಗೆ ಯಾರಾದರೂ ‘p² 4ರಿಂದ ಭಾಗವಾಗುತ್ತದೆ, ಆದ್ದರಿಂದ p ಕೂಡ 4ರಿಂದ ಭಾಗವಾಗುತ್ತದೆ’ ಎಂದು ಬರೆದು ಮುಂದೆ ಹೋದರೆ, p = 2 ಇಟ್ಟು ತೋರಿಸಿ. (3)ನೇ ಸಾಲಿಗೂ ಹಾಗಾದರೆ ಕಾರಣ ಬೇಕಲ್ಲವೇ ಎಂದು ಅವರಿಗೇ ಹೊಳೆಯುತ್ತದೆ. ಆ ಕಾರಣ ಒಂದೇ ಸಾಲಿನದು: ಬೆಸ ಸಂಖ್ಯೆ 2m + 1ರ ವರ್ಗ 4m² + 4m + 1, ಅದೂ ಬೆಸ, ಆದ್ದರಿಂದ p² ಸಮವಾಗಿದ್ದರೆ p ಬೆಸವಾಗಿರಲಾರದು.